ದೂರಿಗೆ ಉತ್ತರ, ಗುಟ್ಟಿಗೆ ಕಾವಲು

ಕೆಲವು ವರ್ಷಗಳ ಹಿಂದಿನ ಮಾತು. ಮಠವೊಂದರ ಆಶ್ರಯದಲ್ಲಿ ನಡೆಯುವ ಚಿಕ್ಕ ಧರ್ಮಾರ್ಥ ದವಾಖಾನೆಯ ವಿಷಯವಾಗಿ ದಿನಪತ್ರಿಕೆಯ ವಾಚಕರ ಪತ್ರಗಳ ಅಂಕಣದಲ್ಲಿ ಒಂದು ದೂರು ಪ್ರಕಟವಾಯಿತು. ಬರೆದವರು ಒಬ್ಬ ರೈತರು. ತಾಯಿಯನ್ನು ಕರೆದುಕೊಂಡು ಮುಂಜಾನೆ 9 ಗಂಟೆಗೇ ಬಂದು 34ನೆಯ ಚೀಟಿ ಪಡೆದರೂ ವೈದ್ಯರ ದರ್ಶನವಾದುದು ಮಧ್ಯಾಹ್ನ 1 ಗಂಟೆ ದಾಟಿದ ಮೇಲೆ. ತಮ್ಮ ಕಣ್ಣೆದುರಿಗೇ ಹಿಂದೆ ಬಂದವರು ಮುಂದೆ ಹೋದರು. ಇದು ಧರ್ಮಾರ್ಥವೋ, ಬೇಕಾದವರ ಹಿತಾರ್ಥವೋ ಎಂದು ಅವರು ಕೇಳಿದ್ದರು. ಬಿತ್ತನೆಯ ಕಾಲದಲ್ಲಿ ಒಂದು ಹಗಲು ವ್ಯರ್ಥವಾದ ನೋವು ಆ ಪತ್ರದ ಸಾಲುಸಾಲಿನಲ್ಲಿಯೂ ಇತ್ತು. ಕಾಯಕವನ್ನೇ ನಂಬಿದವನಿಗೆ ಹಗಲು ಕಳೆಯುವುದೆಂದರೆ ಅನ್ನ ಕಳೆದಂತೆ.

ಸಲಹಾ ಸಮಿತಿಯಲ್ಲಿ ಇದ್ದ ನನಗೆ ಉತ್ತರವನ್ನು ತಿದ್ದಿಕೊಡುವ ಕೆಲಸ ಬಂದಿತು. ವ್ಯಾಕರಣ ತಿದ್ದುವುದಷ್ಟೇ ನನ್ನ ಪಾಲಿನದೆಂದು ತಿಳಿದು ಕುಳಿತವನು ಕೊನೆಗೆ ಆ ಕರಡಿನ ಒಂದು ವಾಕ್ಯವನ್ನೂ ಉಳಿಸಲಾಗಲಿಲ್ಲ. ಏಕೆಂಬುದನ್ನು ಓದುಗ ಬಂಧುಗಳ ಮುಂದೆ ಇಡುತ್ತಿದ್ದೇನೆ. ಚೀಟಿಯ ಸಂಖ್ಯೆ, ವೇಳೆ, ಕಾಯಿಲೆ ಇವುಗಳನ್ನು ಇಲ್ಲಿ ಬದಲಿಸಿ ಬರೆದಿದ್ದೇನೆ. ಏಕೆ ಬದಲಿಸಿದೆನೆಂಬುದು ಮುಂದೆ ತಾನಾಗಿಯೇ ತಿಳಿದೀತು.

ದವಾಖಾನೆಯವರು ಸಿದ್ಧಪಡಿಸಿದ್ದ ಕರಡಿನಲ್ಲಿ ಮೂರು ಮಾತುಗಳಿದ್ದವು. ಒಂದು: ‘ಪತ್ರ ಬರೆದವರು ನಮ್ಮಲ್ಲಿಗೆ ಬಂದದ್ದು ನಿಜ, ಆದರೆ 9 ಗಂಟೆಗಲ್ಲ, 9-30ಕ್ಕೆ.’ ಎರಡು: ‘ಅವರ ತಾಯಿಯವರು ಸಕ್ಕರೆ ಕಾಯಿಲೆಯವರಾದುದರಿಂದ ಊಟದ ನಂತರದ ರಕ್ತಪರೀಕ್ಷೆಗಾಗಿ ಎರಡು ಗಂಟೆ ಕಾಯಲೇಬೇಕಿತ್ತು.’ ಮೂರು: ‘ಅಂದು ಕ್ರಿಮಿನಾಶಕ ಸೇವಿಸಿದ ಮಹಿಳೆಯೊಬ್ಬರನ್ನು ತಂದುದರಿಂದ ವೈದ್ಯರಿಗೆ 50 ನಿಮಿಷ ಬೇರೆಯವರನ್ನು ನೋಡಲಾಗಲಿಲ್ಲ.’

ಮೇಲುನೋಟಕ್ಕೆ ಇವು ನ್ಯಾಯವಾದ ಸಮಾಧಾನಗಳೇ. ಆದರೆ ಮೂರನೆಯ ವಾಕ್ಯವನ್ನು ಓದುತ್ತಲೇ ನನ್ನ ಲೇಖನಿ ನಿಂತಿತು. ಅದರಲ್ಲಿ ಹೆಸರಿಲ್ಲ, ಊರಿಲ್ಲ. ಆದರೆ ಪತ್ರದಲ್ಲಿ ದಿನಾಂಕವಿದೆ, ಆ ದಿನ ಪಡಸಾಲೆಯಲ್ಲಿ ಕುಳಿತಿದ್ದ ಐವತ್ತು ಅರವತ್ತು ಜನರು ಬಾಗಿಲಲ್ಲಿ ನಿಂತ ಗಾಡಿಯನ್ನು ಕಂಡಿದ್ದಾರೆ. ಅವರಿಗೆ ತಿಳಿಯದೆ ಇದ್ದುದು ಕಾರಣವೊಂದೇ. ಹೊಟ್ಟೆನೋವೆಂದೋ ಹಾವು ಕಚ್ಚಿತೆಂದೋ ಮನೆಯವರು ಹೇಳಿಕೊಂಡಿದ್ದರೆ, ನಮ್ಮ ಉತ್ತರವು ಆ ಮನೆಯ ಗುಟ್ಟನ್ನು ಅಚ್ಚುಹಾಕಿ ಹಂಚಿದಂತಾಗುತ್ತಿತ್ತು. ಬದುಕುಳಿದ ಹೆಣ್ಣುಮಗಳು ಅದೇ ಓಣಿಯಲ್ಲಿ ತಲೆಯೆತ್ತಿ ನಡೆಯಬೇಕಲ್ಲವೇ? ದೂರು ಕೊಟ್ಟವರು ಬೇರೆ, ದಂಡ ತೆರುವವಳು ಬೇರೆ.

ಎರಡನೆಯ ವಾಕ್ಯವನ್ನು ತೆಗೆಯಲು ವೈದ್ಯರೇ ಮೊದಲು ಒಪ್ಪಲಿಲ್ಲ. ‘ಶಾಸ್ತ್ರಿಗಳೇ, ತಾಯಿಯನ್ನು ಕರೆತಂದೆನೆಂದು ಅವರೇ ಊರಿಗೆಲ್ಲ ಸಾರಿದ್ದಾರಲ್ಲ, ನಾವು ಮುಚ್ಚಿಡುವುದೇನು?’ ಎಂದರು. ಪ್ರಶ್ನೆ ಸಹಜವಾದುದೇ. ಆದರೆ ಮಗನು ಬರೆದುದು ಕಾದ ಸಂಗತಿಯನ್ನು, ಕಾಯಿಲೆಯ ಸಂಗತಿಯನ್ನಲ್ಲ. ಅದಕ್ಕಿಂತ ಮುಖ್ಯವಾಗಿ, ರೋಗಿ ತಾಯಿ, ಮಾತನಾಡಿದವನು ಮಗ. ಆಕೆಯ ಶರೀರದ ವಾರ್ತೆಯನ್ನು ಬಿಟ್ಟುಕೊಡುವ ಅಧಿಕಾರ ಆಕೆಯದು. ರೋಗಿಯೇ ತನ್ನ ಕಾಯಿಲೆಯನ್ನು ಸಂತೆಯಲ್ಲಿ ಹೇಳಿಕೊಂಡರೂ ವೈದ್ಯನ ಬಾಯಿಯ ಬೀಗ ತೆರೆಯುವುದಿಲ್ಲ. ಆಡುವ ಹಕ್ಕು ಅವನದು, ಕಾಯುವ ಕರ್ತವ್ಯ ಇವರದು.

ಇದು ಕೇವಲ ಶಿಷ್ಟಾಚಾರವಲ್ಲ. ಭಾರತೀಯ ವೈದ್ಯಕೀಯ ಮಂಡಳಿಯು 2002ರಲ್ಲಿ ಹೊರಡಿಸಿದ ವೃತ್ತಿನಡತೆಯ ನಿಯಮಾವಳಿಯು, ವೃತ್ತಿಯಲ್ಲಿ ತಿಳಿದುಬಂದ ರೋಗಿಯ ಗುಟ್ಟನ್ನು ವೈದ್ಯನು ಹೊರಗೆಡಹಬಾರದೆಂದು 7.14ನೆಯ ನಿಯಮದಲ್ಲಿ ವಿಧಿಸಿದೆ. ನ್ಯಾಯಾಲಯದ ಆಜ್ಞೆ, ನಿರ್ದಿಷ್ಟ ವ್ಯಕ್ತಿಗೆ ಅಥವಾ ಸಮುದಾಯಕ್ಕೆ ಒದಗಬಹುದಾದ ಗಂಭೀರ ಅಪಾಯ, ಸರಕಾರಕ್ಕೆ ತಿಳಿಸಲೇಬೇಕಾದ ರೋಗಗಳು ಇವು ಅದಕ್ಕೆ ಅಪವಾದಗಳು. ದವಾಖಾನೆಯ ಮಾನ ಉಳಿಸಿಕೊಳ್ಳುವುದು ಆ ಅಪವಾದಗಳ ಪಟ್ಟಿಯಲ್ಲಿ ಇಲ್ಲ. ಅಮೆರಿಕದ ಡಲ್ಲಾಸ್ ನಗರದ ದಂತವೈದ್ಯ ಸಂಸ್ಥೆಯೊಂದು ರೋಗಿಯ ಬಹಿರಂಗ ಟೀಕೆಗೆ ಬಹಿರಂಗವಾಗಿಯೇ ಉತ್ತರಿಸುವಾಗ ಆತನ ಚಿಕಿತ್ಸೆಯ ವಿವರವನ್ನು ಹೊರಗೆಡಹಿದ್ದಕ್ಕಾಗಿ 2019ರಲ್ಲಿ 10,000 ಡಾಲರು ತೆರಬೇಕಾಯಿತು. ಅಲ್ಲಿಯೂ ಟೀಕೆಯನ್ನು ಮೊದಲು ಆರಂಭಿಸಿದವನು ರೋಗಿಯೇ.

ಇನ್ನು ಮೊದಲನೆಯ ವಾಕ್ಯ. ‘ಬಂದದ್ದು ನಿಜ’ ಎಂಬುದರಲ್ಲಿ ಏನು ದೋಷವೆಂದು ಹಲವರು ಕೇಳಿಯಾರು. ಒಬ್ಬನು ದವಾಖಾನೆಗೆ ಬಂದನೆಂಬುದೂ ಆತನ ಗುಟ್ಟೇ. ಕ್ಷಯಕ್ಕೋ, ಮನೋರೋಗಕ್ಕೋ ಔಷಧ ಕೊಡುವ ದಿನ ಗೊತ್ತಾಗಿರುವಲ್ಲಿ, ಬಂದ ದಿನವನ್ನು ಹೇಳಿದರೆ ಕಾಯಿಲೆಯನ್ನೇ ಹೇಳಿದಂತೆ. ಹಾಗಾದರೆ ‘ಇಂಥವರು ನಮ್ಮಲ್ಲಿಗೆ ಬಂದೇ ಇಲ್ಲ’ ಎನ್ನಬಹುದೇ? ಅದೂ ಸಲ್ಲದು. ಬಾರದವರ ವಿಷಯದಲ್ಲಿ ‘ಇಲ್ಲ’ ಎಂದು, ಬಂದವರ ವಿಷಯದಲ್ಲಿ ಮೌನವಾದರೆ, ಆ ಮೌನವೇ ‘ಹೌದು’ ಎಂಬ ಅರ್ಥ ಕೊಡುತ್ತದೆ. ಆದಕಾರಣ ಬಂದವರಿಗೂ ಬಾರದವರಿಗೂ ಉತ್ತರದ ರೀತಿ ಒಂದೇ ಆಗಿರಬೇಕು.

ಇಷ್ಟನ್ನೆಲ್ಲ ತೆಗೆದ ಮೇಲೆ ಉತ್ತರದಲ್ಲಿ ಉಳಿಯುವುದೇನು ಎಂದು ವೈದ್ಯರು ಕೇಳಿದರು. ಆಗ ಚೀಟಿಯ ಪುಸ್ತಕವನ್ನು ತರಿಸಿದೆವು. ಹೆಸರುಗಳನ್ನು ಬಿಟ್ಟು ವೇಳೆಯನ್ನಷ್ಟೇ ನೋಡುತ್ತ ಹೋದಾಗ ನಿಜವಾದ ಕಾರಣ ಹೊರಬಿತ್ತು. ದಿನಕ್ಕೆ 60 ಚೀಟಿಗಳು. ಅವೆಲ್ಲ 9 ಗಂಟೆಯ ಸುಮಾರಿಗೇ ಮುಗಿದುಹೋಗುತ್ತಿದ್ದವು. ವೈದ್ಯರು ಒಬ್ಬರು, ಒಬ್ಬ ರೋಗಿಗೆ ಸರಾಸರಿ 6 ನಿಮಿಷ. ಮುಂದೆ 33 ಜನರಿದ್ದರೆ 198 ನಿಮಿಷ, ಅಂದರೆ ಮೂರು ಗಂಟೆಗೂ ಮಿಕ್ಕು. ಅಂದು ಯಾವ ತುರ್ತು ಪ್ರಸಂಗವೂ ಒದಗದೆ ಇದ್ದಿದ್ದರೂ 34ನೆಯ ಚೀಟಿಯವರು 12-18ರವರೆಗೆ ಕಾಯಲೇಬೇಕಿತ್ತು. ತುರ್ತು ಪ್ರಸಂಗವು ಸೇರಿಸಿದ್ದು 50 ನಿಮಿಷವನ್ನು ಮಾತ್ರ. ಪಾಪ, ಆ ಹೆಣ್ಣುಮಗಳ ಮೇಲೆ ಹೊರಿಸಹೊರಟಿದ್ದ ವಿಳಂಬದಲ್ಲಿ ಬಹುಪಾಲು ನಮ್ಮದೇ ವ್ಯವಸ್ಥೆಯದಾಗಿತ್ತು. ರೋಗಿಯ ಗುಟ್ಟನ್ನು ಮುಟ್ಟದೆ ಕಾರಣ ಹುಡುಕಹೊರಟಾಗಲೇ ಸತ್ಯವಾದ ಕಾರಣ ಕೈಗೆ ಸಿಕ್ಕಿತು.

‘ಹಿಂದೆ ಬಂದವರು ಮುಂದೆ ಹೋದರು’ ಎಂಬ ಆರೋಪಕ್ಕೂ ಹೀಗೆಯೇ ಉತ್ತರ ದೊರೆಯಿತು. ಮುಂಜಾನೆ ಒಮ್ಮೆ ವೈದ್ಯರನ್ನು ಕಂಡು, ಪರೀಕ್ಷೆ ಮಾಡಿಸಿ, ವರದಿಯೊಡನೆ ಮರಳಿದವರನ್ನು ಹೊಸ ಚೀಟಿಯಿಲ್ಲದೆ ಒಳಗೆ ಬಿಡುವುದು ವಾಡಿಕೆ. ಕಾಯುತ್ತ ಕುಳಿತವರ ಕಣ್ಣಿಗೆ ಅವರು ಈಗ ತಾನೇ ಬಂದವರಂತೆ ತೋರುತ್ತಾರೆ. ಈ ವಾಡಿಕೆಯನ್ನು ಎಲ್ಲಿಯೂ ಬರೆದು ಹಾಕಿರಲಿಲ್ಲ. ಪಕ್ಷಪಾತದ ಸಂಶಯ ಹುಟ್ಟಿದ್ದರೆ ತಪ್ಪು ಸಂಶಯಪಟ್ಟವರದಲ್ಲ.

ಚರ್ಚೆಯ ನಂತರ ಪತ್ರಿಕೆಗೆ ಕಳುಹಿಸಿದ ಉತ್ತರ ಹೀಗಿತ್ತು:

‘ನಮ್ಮ ದವಾಖಾನೆಯಲ್ಲಿ ಬಹಳ ಹೊತ್ತು ಕಾಯಬೇಕಾಗುತ್ತದೆ ಎಂಬ ಪತ್ರವನ್ನು ಓದಿದೆವು. ಯಾವುದೇ ವ್ಯಕ್ತಿ ನಮ್ಮಲ್ಲಿಗೆ ಬಂದ ಅಥವಾ ಬಾರದಿರುವ ವಿಷಯವನ್ನು ನಾವು ಬಹಿರಂಗವಾಗಿ ಹೇಳುವುದಿಲ್ಲ. ಇದು ಎಲ್ಲರ ವಿಷಯದಲ್ಲಿಯೂ ನಮ್ಮ ನಿಯಮ. ಆದರೆ ಕಾಯುವಿಕೆಯ ಬಗೆಗಿನ ದೂರು ನ್ಯಾಯವಾದುದು. ಎಲ್ಲ ಚೀಟಿಗಳನ್ನೂ ಒಂದೇ ವೇಳೆಗೆ ಕೊಡುತ್ತಿದ್ದುದರಿಂದ ಹಲವರು ಮೂರು ಗಂಟೆಗೂ ಹೆಚ್ಚು ಕಾಯಬೇಕಾಗಿದೆ. ಇದಕ್ಕಾಗಿ ಕ್ಷಮೆ ಕೋರುತ್ತೇವೆ. ಪ್ರಾಣಾಪಾಯದಲ್ಲಿ ಇರುವವರನ್ನು ಮೊದಲು ನೋಡುವುದೂ, ಪರೀಕ್ಷೆಯ ವರದಿಯೊಡನೆ ಮರಳಿದವರನ್ನು ಹೊಸ ಚೀಟಿಯಿಲ್ಲದೆ ಕರೆಯುವುದೂ ನಮ್ಮ ನಿತ್ಯದ ಕ್ರಮ; ಇದನ್ನು ಇನ್ನು ಫಲಕದಲ್ಲಿ ಬರೆದು ಹಾಕುತ್ತೇವೆ. ಬರುವ ತಿಂಗಳ ಮೊದಲ ದಿನದಿಂದ ಚೀಟಿಯ ಮೇಲೆ ಬರಬೇಕಾದ ಗಂಟೆಯನ್ನು ನಮೂದಿಸಲಾಗುವುದು. ತೊಂದರೆಗೊಳಗಾದವರು ವ್ಯವಸ್ಥಾಪಕರನ್ನು ಯಾವುದೇ ಕೆಲಸದ ದಿನ ಮಧ್ಯಾಹ್ನ 3 ಗಂಟೆಗೆ ಭೇಟಿಯಾಗಬಹುದು. ರೋಗಿಗೆ ಅಥವಾ ರೋಗಿಯು ಒಪ್ಪಿಗೆ ಕೊಟ್ಟವರಿಗೆ ಅಲ್ಲಿ ಪೂರ್ಣ ವಿವರ ದೊರೆಯುವುದು.’

ಬಂಧುಗಳು ಗಮನಿಸಬೇಕು: ಇದರಲ್ಲಿ ‘ಅಂದು’ ಎಂಬ ಶಬ್ದವೇ ಇಲ್ಲ. ‘ಅಂದು ಹೀಗಾಯಿತು’ ಎಂದರೆ ಒಬ್ಬರ ಕಥೆಯಾಗುತ್ತದೆ. ‘ನಿತ್ಯವೂ ಹೀಗೆ ಮಾಡುತ್ತೇವೆ’ ಎಂದರೆ ದವಾಖಾನೆಯ ಕಥೆಯಾಗುತ್ತದೆ. ಬಹಿರಂಗ ಉತ್ತರದಲ್ಲಿ ದವಾಖಾನೆಯು ತನ್ನ ಕಥೆಯನ್ನಷ್ಟೇ ಹೇಳಬೇಕು.

ಕೊಟ್ಟ ಮಾತಿನಂತೆ ಗಂಟೆಗೆ 10 ಜನರ ಬದಲು 8 ಜನರಿಗೆ ಮಾತ್ರ ಚೀಟಿ ಕೊಟ್ಟು, ಉಳಿದ 12 ನಿಮಿಷಗಳನ್ನು ತುರ್ತು ಪ್ರಸಂಗಗಳಿಗೂ ವರದಿ ತಂದವರಿಗೂ ಮೀಸಲಿಟ್ಟೆವು. ಮುಂಜಾನೆ 9ರಿಂದ 1-30ರವರೆಗೆ 36 ಜನ. ಮೊದಲು ಬಹುಮಟ್ಟಿಗೆ ಖಾಲಿಯಿರುತ್ತಿದ್ದ ಸಂಜೆಯ 4ರಿಂದ 7ರವರೆಗೆ 24 ಜನ. ಒಟ್ಟು ಅದೇ 60. ದೂರದ ಹಳ್ಳಿಯವರಿಗೆ ಕೊನೆಯ ಬಸ್ಸು ತಪ್ಪಬಾರದೆಂದು ಮುಂಜಾನೆಯ ಚೀಟಿ ಅವರಿಗೆ ಮೊದಲು. ಸಂತೆಯ ದಿನ ಈ ಲೆಕ್ಕ ಈಗಲೂ ಏರುಪೇರಾಗುತ್ತದೆ; ಉಳಿದ ದಿನಗಳಲ್ಲಿ ಹೆಚ್ಚಿನವರು ಒಂದು ಗಂಟೆಯೊಳಗೆ ವೈದ್ಯರನ್ನು ಕಾಣುತ್ತಾರೆ.

ದೂರು ಬರೆದ ರೈತರು ಒಂದು ವಾರದ ನಂತರ ತಾಯಿಯೊಡನೆ ವ್ಯವಸ್ಥಾಪಕರ ಕೋಣೆಗೆ ಬಂದರು. ವ್ಯವಸ್ಥಾಪಕರು ಮೊದಲು ತಾಯಿಯನ್ನೇ ಕೇಳಿದರು: ‘ಅವ್ವಾ, ನಿಮ್ಮ ವಿಷಯ ಮಗನ ಮುಂದೆ ಮಾತಾಡಬಹುದೇನು?’ ಆಕೆ ನಕ್ಕು ತಲೆಯಾಡಿಸಿದ ಮೇಲೆಯೇ ಪುಸ್ತಕ ತೆರೆಯಿತು. ತಮ್ಮ ಚಿಕಿತ್ಸೆಯ ದಾಖಲೆಯನ್ನು ಬರೆದು ಕೇಳಿದರೆ 72 ಗಂಟೆಗಳೊಳಗೆ ಕೊಡಬೇಕೆಂದು ಅದೇ 2002ರ ನಿಯಮಾವಳಿ ಹೇಳುತ್ತದೆಂಬುದನ್ನೂ ಅವರಿಗೆ ತಿಳಿಸಲಾಯಿತು. ಒಳಗೆ ಏನು ಮಾತಾಯಿತೆಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಮಠದಲ್ಲಿ ಬೆಳೆದ ನಮಗೆ ಇದು ಹೊಸದಲ್ಲ. ಭಕ್ತರು ಪೂಜ್ಯರ ಸನ್ನಿಧಿಯಲ್ಲಿ ಮನೆಯ ಕಷ್ಟವನ್ನು ತೋಡಿಕೊಂಡು ಎದ್ದು ಹೋದ ಮೇಲೆ, ಬಾಗಿಲಲ್ಲಿ ನಿಂತ ನಾವು ಏನೆಂದು ಕೇಳುವಂತಿರಲಿಲ್ಲ. ಮೈಯ ನೋವನ್ನು ಒಪ್ಪಿಸುವ ದವಾಖಾನೆಯ ಬಾಗಿಲಿಗೂ ಅದೇ ನಿಯಮ. ಕರಡಿನ ಆ ಹಾಳೆಯನ್ನು ಅಂದೇ ಒಲೆಗೆ ಹಾಕಿದೆವು.