ಹನ್ನೆರಡು ಜನರ ರಕ್ತ, ಒಂದು ಟ್ರೇ

ಮೂವತ್ತು ಹಾಸಿಗೆಯ ಜನರಲ್ ಮೆಡಿಸಿನ್ ವಾರ್ಡ್ ಒಂದನ್ನು ಕಲ್ಪಿಸಿಕೊಳ್ಳಿ. ಬೆಳಗಿನ ಜಾವ ಐದೂವರೆ ಗಂಟೆ. ನೈಟ್ ಡ್ಯೂಟಿಯಲ್ಲಿರುವವರು ಇಬ್ಬರೇ ಸಿಸ್ಟರ್‌ಗಳು. ಎಂಟಕ್ಕೆ ಡ್ಯೂಟಿ ಒಪ್ಪಿಸುವಷ್ಟರಲ್ಲಿ ಹನ್ನೆರಡು ರೋಗಿಗಳ ರಕ್ತ ತೆಗೆಯಬೇಕು, ಸಕ್ಕರೆ ಕಾಯಿಲೆಯವರ ಬೆರಳು ಚುಚ್ಚಿ ಶುಗರ್ ನೋಡಬೇಕು, ಎಲ್ಲರ ಜ್ವರ, ನಾಡಿ, ಬಿಪಿ ಬರೆಯಬೇಕು, ಆರು ಗಂಟೆಯ ಇಂಜೆಕ್ಷನ್ ಕೊಡಬೇಕು. ಇದನ್ನೆಲ್ಲ ಬಿಡಿಬಿಡಿಯಾಗಿ ಮಾಡುತ್ತ ಕೂತರೆ ಬೆಳಗಾದರೂ ಮುಗಿಯದು. ಹಾಗಾಗಿ ಅನುಭವವಿರುವ ಯಾವ ಸಿಸ್ಟರ್ ಆದರೂ ಒಂದೇ ಬಗೆಯ ಕೆಲಸಗಳನ್ನು ಒಟ್ಟು ಮಾಡಿಕೊಳ್ಳುತ್ತಾರೆ. ಮೊದಲು ರಕ್ತ, ಆಮೇಲೆ ಶುಗರ್, ಆಮೇಲೆ ಬಿಪಿ.

ಹೀಗೆ ಒಟ್ಟು ಮಾಡುವುದರಲ್ಲಿ ಉಳಿಯುವುದು ಓಡಾಟ ಮತ್ತು ಸಿದ್ಧತೆ. ಸಿರಿಂಜು, ಸ್ಪಿರಿಟ್ ಹತ್ತಿ, ಕೈಗೆ ಬಿಗಿಯುವ ಪಟ್ಟಿ, ಬಣ್ಣಬಣ್ಣದ ಮುಚ್ಚಳದ ಟ್ಯೂಬುಗಳು, ಸೂಜಿ ಹಾಕುವ ಡಬ್ಬಿ, ಇವನ್ನೆಲ್ಲ ಟ್ರೇಯಲ್ಲಿ ಜೋಡಿಸಲು ಐದು ನಿಮಿಷ, ಲ್ಯಾಬಿಗೆ ಹೋಗಿಬರಲು ಹತ್ತು ನಿಮಿಷ ಬೇಕು ಎಂದುಕೊಳ್ಳಿ. ಹನ್ನೆರಡು ಸಲ ಮಾಡಿದರೆ ಮೂರು ಗಂಟೆ. ಒಂದೇ ಸಲ ಮಾಡಿದರೆ, ಟ್ರೇ ಜೋಡಿಸಲು ತುಸು ಹೆಚ್ಚು ಹೊತ್ತು ಹಿಡಿದರೂ, ಅರ್ಧ ಗಂಟೆಯೊಳಗೆ ಮುಗಿಯುತ್ತದೆ. ಇಷ್ಟು ದೊಡ್ಡ ಉಳಿತಾಯವನ್ನು ಬಿಟ್ಟುಕೊಡಿ ಎಂದು ಯಾರೂ ಹೇಳಲಾರರು.

ತೊಂದರೆ ಶುರುವಾಗುವುದು ಅದರ ಮುಂದಿನ ಹೆಜ್ಜೆಯಲ್ಲಿ. ಟ್ಯೂಬುಗಳನ್ನು ಹೇಗೂ ಒಟ್ಟಿಗೆ ಜೋಡಿಸಿದ್ದಾಗಿದೆ, ಹೆಸರಿನ ಚೀಟಿಗಳನ್ನೂ ಈಗಲೇ ಅಂಟಿಸಿಬಿಟ್ಟರೆ ಹೇಗೆ ಎಂದು ಅನ್ನಿಸುತ್ತದೆ. ಇಲ್ಲವೇ ಎಲ್ಲರ ರಕ್ತ ತೆಗೆದ ಮೇಲೆ ಮೇಜಿನ ಬಳಿ ಕೂತು ಒಟ್ಟಿಗೆ ಬರೆದರಾಯಿತು ಎಂದು. ಎರಡೂ ಸಹಜವಾಗಿ ಹೊಳೆಯುವ ಉಪಾಯಗಳೇ. ಎರಡೂ ಅಪಾಯಕಾರಿ.

ಹೇಗೆಂದು ನೋಡಿ. ಸಿಸ್ಟರ್ ಚೀಟಿ ಅಂಟಿಸಿದ ಟ್ಯೂಬುಗಳನ್ನು ಹಾಸಿಗೆಯ ಸಾಲಿನಂತೆಯೇ ಟ್ರೇಯಲ್ಲಿ ನಿಲ್ಲಿಸಿಕೊಂಡು ಹೊರಟಿದ್ದಾರೆ. ಏಳು, ಒಂಬತ್ತು, ಹನ್ನೊಂದನೆಯ ಹಾಸಿಗೆ ಮುಗಿದವು. ಹದಿನಾಲ್ಕರ ಅಜ್ಜಿಗೆ ನರ ಸಿಗಲಿಲ್ಲ. ಎರಡು ಸಲ ಚುಚ್ಚಿದ ಮೇಲೆ, ‘ಆಮೇಲೆ ಬರ್ತೀನಿ ಅಜ್ಜಿ’ ಎಂದು ಮುಂದೆ ಹೋದರು. ಅಷ್ಟರಲ್ಲಿ ಇಪ್ಪತ್ತರಲ್ಲಿ ಡ್ರಿಪ್ ಮುಗಿದಿದೆ ಎಂದು ಯಾರೋ ಕೂಗಿದರು. ಅದನ್ನು ಬದಲಿಸಿ ಬಂದು ಹದಿನಾರನೆಯ ಹಾಸಿಗೆಯ ಹೆಂಗಸಿನ ರಕ್ತ ತೆಗೆದರು. ಕೈ ಅಭ್ಯಾಸಬಲದಿಂದ ಸಾಲಿನಲ್ಲಿ ಮುಂದಿದ್ದ ಟ್ಯೂಬಿಗೆ ಹೋಯಿತು. ಅದು ಅಜ್ಜಿಯದು. ಅಲ್ಲಿಂದ ಮುಂದೆ ಪ್ರತಿಯೊಬ್ಬರ ರಕ್ತವೂ ಹಿಂದಿನವರ ಹೆಸರಿನಲ್ಲಿ ಸೇರುತ್ತ ಹೋಗಬಹುದು. ಬಿಡಿಯಾಗಿ ಮಾಡಿದ್ದರೆ ಒಬ್ಬರಿಗೆ ಸೀಮಿತವಾಗುತ್ತಿದ್ದ ತಪ್ಪು, ಒಟ್ಟಾಗಿ ಮಾಡಿದ್ದರಿಂದ ಸಾಲಿಗೆ ಸಾಲನ್ನೇ ಹಿಡಿಯುತ್ತದೆ.

ಹೊರಗಿನಿಂದ ನೋಡಿದರೆ ಟ್ಯೂಬಿನಲ್ಲಿ ಯಾವ ದೋಷವೂ ಕಾಣದು. ಹೆಸರು ಸ್ಪಷ್ಟವಾಗಿದೆ, ರಕ್ತ ಸಾಕಷ್ಟಿದೆ, ಅರ್ಜಿಗೂ ಚೀಟಿಗೂ ತಾಳೆಯಾಗುತ್ತದೆ. ಲ್ಯಾಬಿನವರು ಹಳೆಯ ವರದಿ ತೆಗೆದು ನೋಡಿದಾಗ, ನಿನ್ನೆ ಏಳು ಗ್ರಾಂ ಇದ್ದ ಹಿಮೋಗ್ಲೋಬಿನ್ ರಕ್ತವನ್ನೇ ಕೊಡದೆ ಇವತ್ತು ಹದಿಮೂರಾಗಿದ್ದರೆ ಸಂಶಯ ಬರುತ್ತದೆ. ಹೊಸ ರೋಗಿಗೆ ಹಳೆಯ ವರದಿಯೇ ಇರುವುದಿಲ್ಲ. ರಕ್ತದ ಗುಂಪು ನೋಡಲು ಕಳಿಸಿದ ಮಾದರಿಯಾದರಂತೂ ಪ್ರಾಣಕ್ಕೇ ಕುತ್ತು. ಬಿ ಗುಂಪಿನ ರಕ್ತ ಓ ಗುಂಪಿನವರ ದೇಹ ಸೇರಿದರೆ, ಅವರಲ್ಲಿರುವ ಪ್ರತಿಕಾಯಗಳು ಹೊರಗಿನ ಕೆಂಪು ಕಣಗಳನ್ನು ಒಡೆಯುತ್ತವೆ. ಮೂತ್ರಪಿಂಡ ಸೋಲಬಹುದು, ಸಾವೂ ಬರಬಹುದು. ಅದಲುಬದಲಾದ ಇಬ್ಬರ ಗುಂಪೂ ಒಂದೇ ಆಗಿಬಿಟ್ಟರೆ ತಪ್ಪು ಯಾರ ಕಣ್ಣಿಗೂ ಬೀಳುವುದೇ ಇಲ್ಲ. ಅದಕ್ಕಾಗಿಯೇ ಅನೇಕ ರಕ್ತನಿಧಿಗಳು ಹೊಸ ರೋಗಿಯ ಗುಂಪನ್ನು ಬೇರೆ ಹೊತ್ತಿನಲ್ಲಿ ತೆಗೆದ ಎರಡನೆಯ ಮಾದರಿಯಿಂದ ಖಚಿತಪಡಿಸಿಕೊಳ್ಳುತ್ತವೆ. ಒಂದೇ ಸಲ ಎರಡು ಟ್ಯೂಬು ತುಂಬಿಸಿ, ಒಂದನ್ನು ಆಮೇಲೆ ಕಳಿಸಿದರೆ ಈ ಕಾವಲೇ ಇಲ್ಲವಾಗುತ್ತದೆ.

ಹಾಗಾದರೆ ಸರಿಯಾದ ಕ್ರಮ ಯಾವುದು? ಟ್ರೇ ಒಟ್ಟಿಗೆ ಸಿದ್ಧವಾಗಲಿ, ಟ್ಯೂಬುಗಳು ಖಾಲಿ ಮೈಯಲ್ಲಿರಲಿ. ರೋಗಿಯ ಬಳಿ ನಿಂತು ಹೆಸರನ್ನು ಅವರ ಬಾಯಿಂದಲೇ ಕೇಳಬೇಕು, ಕೈಪಟ್ಟಿಯ ಐಪಿ ನಂಬರನ್ನು ಅರ್ಜಿಯೊಡನೆ ತಾಳೆ ನೋಡಬೇಕು. ರಕ್ತ ತೆಗೆದ ಮೇಲೆ, ಆ ಹಾಸಿಗೆ ಬಿಟ್ಟು ಕದಲುವ ಮೊದಲೇ ಚೀಟಿ ಬರೆದು ಅಂಟಿಸಬೇಕು. ಒಂದು ಚೀಟಿಗೆ ಇಪ್ಪತ್ತು ಸೆಕೆಂಡು ಹಿಡಿದರೆ ಹನ್ನೆರಡು ಚೀಟಿಗೆ ನಾಲ್ಕು ನಿಮಿಷ. ಚೀಟಿಯ ಕೆಲಸವನ್ನು ಒಟ್ಟು ಮಾಡಿ ಉಳಿಸಿಕೊಳ್ಳುವುದು ಆ ನಾಲ್ಕು ನಿಮಿಷದಲ್ಲಿ ಒಂದು ಪಾಲನ್ನು ಮಾತ್ರ. ನಿಜವಾದ ಉಳಿತಾಯ ಟ್ರೇಯಲ್ಲೂ ಲ್ಯಾಬಿನ ದಾರಿಯಲ್ಲೂ ಆಗಲೇ ಆಗಿಹೋಗಿರುತ್ತದೆ. ಯಾರದ್ದು ಎಂಬ ಪ್ರಶ್ನೆಗೆ ಉತ್ತರ ಕೊಡುವ ಕೆಲಸವನ್ನು ಮಾತ್ರ ಒಬ್ಬೊಬ್ಬರದಾಗಿಯೇ ಮುಗಿಸಬೇಕು.

ಲ್ಯಾಬಿನ ದಾರಿಯಲ್ಲೂ ಒಂದು ಮಿತಿಯಿದೆ. ಎಲ್ಲ ಮುಗಿಯಲಿ, ಒಟ್ಟಿಗೆ ಕಳಿಸೋಣ ಎಂದು ಮಾದರಿಗಳನ್ನು ಗಂಟೆಗಟ್ಟಲೆ ಇಟ್ಟುಕೊಂಡರೆ ರಕ್ತ ಸುಮ್ಮನಿರುವುದಿಲ್ಲ. ಸಾಮಾನ್ಯ ಟ್ಯೂಬಿನಲ್ಲಿ ರಕ್ತಕಣಗಳು ಸಕ್ಕರೆಯನ್ನು ತಿನ್ನುತ್ತಲೇ ಇರುತ್ತವೆ, ಗಂಟೆಗೆ ಸುಮಾರು ಶೇ. 5ರಿಂದ 7ರಷ್ಟು. ಶುಗರ್ ಪರೀಕ್ಷೆಗೆ ಫ್ಲೋರೈಡ್ ಇರುವ ಬೂದು ಮುಚ್ಚಳದ ಟ್ಯೂಬು ಬಳಸುವುದು ಅದನ್ನು ತಡೆಯಲಿಕ್ಕೆ.

ಗಡಿಯಾರಕ್ಕೆ ಕಟ್ಟುಬಿದ್ದ ಕೆಲಸಗಳನ್ನು ಒಟ್ಟು ಮಾಡುವಾಗ ಬೇರೆಯೇ ಬಗೆಯ ಎಡವಟ್ಟಾಗುತ್ತದೆ. ಸಾಮಾನ್ಯ ರೆಗ್ಯುಲರ್ ಇನ್ಸುಲಿನ್ ಅನ್ನು ಊಟಕ್ಕೆ ಸುಮಾರು ಅರ್ಧ ಗಂಟೆ ಮೊದಲು ಕೊಡಬೇಕು. ಏಳಕ್ಕೆಲ್ಲ ಇಡೀ ವಾರ್ಡಿಗೆ ಇನ್ಸುಲಿನ್ ಮುಗಿಸಿ, ತಿಂಡಿಯ ಗಾಡಿ ಎಂಟೂವರೆಗೆ ಬಂದರೆ, ನಡುವೆ ಯಾರಿಗೋ ಬೆವರು, ಕೈ ನಡುಕ, ಮಂಕು ಶುರುವಾಗುತ್ತದೆ. ಇಲ್ಲಿ ಔಷಧ ಸರಿ, ಪ್ರಮಾಣ ಸರಿ, ರೋಗಿಯೂ ಸರಿ. ಹೊತ್ತು ಮಾತ್ರ ತಿಂಡಿಗೆ ಹೊಂದದೆ, ಸಿಸ್ಟರ್ ಅವರ ಅನುಕೂಲಕ್ಕೆ ಹೊಂದಿತ್ತು.

ಹಾಗೆಂದು ಎಲ್ಲ ಔಷಧಕ್ಕೂ ಗಡಿಯಾರ ಬಿಗಿದರೆ ಸುರಕ್ಷಿತ ಎಂದೂ ಅಲ್ಲ. ಅಮೆರಿಕದಲ್ಲಿ ನಿಗದಿತ ವೇಳೆಗಿಂತ ಅರ್ಧ ಗಂಟೆ ಹಿಂದೆ ಮುಂದೆ ಎಲ್ಲ ಔಷಧವನ್ನೂ ಕೊಟ್ಟು ಮುಗಿಸಬೇಕೆಂಬ ಸರ್ಕಾರಿ ನಿಯಮವಿತ್ತು. 2010ರಲ್ಲಿ ನಡೆದ ಸಮೀಕ್ಷೆಯಲ್ಲಿ ಸುಮಾರು 18,000 ನರ್ಸ್‌ಗಳು ಉತ್ತರಿಸಿದರು. ವೇಳೆಗೆ ಮುಗಿಸುವ ಒತ್ತಡದಲ್ಲಿ ಅಡ್ಡದಾರಿ ಹಿಡಿಯಬೇಕಾಗಿದೆ ಎಂದು ಬಹಳಷ್ಟು ಜನ ಹೇಳಿಕೊಂಡರು. 2011ರಲ್ಲಿ ನಿಯಮ ಬದಲಾಯಿತು. ಹೊತ್ತು ತಪ್ಪಿದರೆ ಹಾನಿಯಾಗುವ ಔಷಧಗಳಿಗೆ ಮಾತ್ರ ಅರ್ಧ ಗಂಟೆಯ ಗಡುವು ಉಳಿಯಿತು, ದಿನಕ್ಕೊಂದು ಸಲದ ಮಾತ್ರೆಯಂಥವಕ್ಕೆ ಎರಡು ಗಂಟೆ ಹಿಂದೆ ಮುಂದೆ ಸಡಿಲ ಸಿಕ್ಕಿತು. ಒಟ್ಟಾಗಿ ಕೊಡಬಹುದಾದವನ್ನೂ ಕಾಯಲಾರದವನ್ನೂ ಬೇರೆ ಮಾಡಿದ್ದು ವಿವೇಕದ ನಿರ್ಧಾರ.

ಬರೆಯುವ ಕೆಲಸವನ್ನು ಕೊನೆಗೆ ಒಟ್ಟು ಮಾಡುವ ಅಭ್ಯಾಸವೂ ನಮ್ಮ ಆಸ್ಪತ್ರೆಗಳಲ್ಲಿ ಇದೆ. ಬಿಪಿ, ಶುಗರ್ ಎಲ್ಲ ಒಂದು ತುಂಡು ಕಾಗದದ ಮೇಲೆ ಗೀಚಿಕೊಂಡು, ಆಮೇಲೆ ಕೇಸ್ ಶೀಟಿಗೆ ಇಳಿಸುತ್ತಾರೆ. ಒಂದು ಸಾಲು ಜಾರಿದರೆ ಹತ್ತರ ಶುಗರ್ ಹನ್ನೊಂದರವರಿಗೆ ಬೀಳುತ್ತದೆ, ಇನ್ಸುಲಿನ್ನೂ ಅದರಂತೆಯೇ ಸಾಗುತ್ತದೆ. ಎಲ್ಲರ ಉಸಿರಾಟವೂ ನಿಮಿಷಕ್ಕೆ 20 ಎಂದು ಇಡೀ ವಾರ್ಡಿನಲ್ಲಿ ಬರೆದಿದ್ದರೆ, ಅದು ಎಣಿಸಿದ ಲೆಕ್ಕವಲ್ಲ, ಒಟ್ಟಿಗೆ ತುಂಬಿಸಿದ ಲೆಕ್ಕ ಎಂದು ತಿಳಿಯಬಹುದು. ಬಿಪಿ ಯಂತ್ರದ ಗಾಡಿಯ ಮೇಲೆಯೇ ಚಾರ್ಟುಗಳನ್ನು ಇಟ್ಟುಕೊಂಡು ಹೋದರೆ ಸಾಕು, ಈ ತಪ್ಪಿಗೆ ಎಡೆಯಿರುವುದಿಲ್ಲ.

ಸಿಸ್ಟರ್‌ಗಳನ್ನಷ್ಟೇ ದೂರುವುದು ಅನ್ಯಾಯ. ಮೂವತ್ತು ಜನರಿಗೆ ಇಬ್ಬರನ್ನು ನಿಲ್ಲಿಸಿ, ನಡುನಡುವೆ ಹತ್ತು ಕಡೆಯಿಂದ ಕರೆದರೆ ಯಾರ ಸಾಲೂ ತಪ್ಪುತ್ತದೆ. ರೋಗಿಯ ಕಡೆಯವರು ಇದರಲ್ಲಿ ಕೈಜೋಡಿಸಬಹುದು. ರಕ್ತ ತೆಗೆಯುವಾಗ ಬೇರೆ ಮಾತಿಗೆ ಎಳೆಯಬೇಡಿ. ನಿಮ್ಮ ಹೆಸರನ್ನು ಅವರೇ ಹೇಳಿ ‘ಅಲ್ವಾ?’ ಎಂದರೆ ತಲೆಯಾಡಿಸಿ ಸುಮ್ಮನಾಗದೆ, ಪೂರ್ತಿ ಹೆಸರು, ವಯಸ್ಸು ನೀವೇ ಹೇಳಿ. ಟ್ಯೂಬಿಗೆ ಚೀಟಿ ಅಂಟಿಸದೆ ಮುಂದಿನ ಹಾಸಿಗೆಗೆ ಹೊರಟರೆ, ‘ಸಿಸ್ಟರ್, ಹೆಸರು ಇಲ್ಲೇ ಬರೆದುಬಿಡಿ’ ಎಂದು ಕೇಳಿ.