ಆಧಾರ್ ಕಳಿಸಿದರೂ ಖಾತೆ ಯಾಕೆ ಮರಳುವುದಿಲ್ಲ?

ಜಿಮೇಲ್ ಪಾಸ್‌ವರ್ಡ್ ಮರೆತವರಾಗಲಿ, ಫೇಸ್‌ಬುಕ್ ಖಾತೆ ಕಳ್ಳರ ಪಾಲಾದವರಾಗಲಿ, ಮರುಪಡೆಯುವ ಫಾರ್ಮ್ ತುಂಬುವಾಗ ಮನಸ್ಸಿನಲ್ಲಿ ಒಂದು ಚಿತ್ರ ಇಟ್ಟುಕೊಂಡಿರುತ್ತಾರೆ. ಅತ್ತ ಕಡೆ ಯಾರೋ ಕೂತು ಇದನ್ನು ಓದುತ್ತಾರೆ, ನಮ್ಮ ಕಷ್ಟ ಅರ್ಥ ಮಾಡಿಕೊಳ್ಳುತ್ತಾರೆ, ಆಧಾರ್‌ನ ಹೆಸರು ಮತ್ತು ಮುಖ ನೋಡಿ ಖಾತೆ ಬಿಟ್ಟುಕೊಡುತ್ತಾರೆ ಎಂಬ ಚಿತ್ರ. ಊರಿನ ಸಹಕಾರಿ ಸಂಘದಲ್ಲಿ ಪಾಸ್‌ಬುಕ್ ಕಳೆದಾಗ ಆಗುವುದು ಬಹುಮಟ್ಟಿಗೆ ಹೀಗೆಯೇ. ಕೌಂಟರಿನಲ್ಲಿದ್ದವರಿಗೆ ನಿಮ್ಮ ಮುಖ ಗೊತ್ತು, ಖಾತೆ ತೆರೆದ ದಿನ ಕೊಟ್ಟ ಗುರುತಿನ ಚೀಟಿಯ ಪ್ರತಿ ಕಡತದಲ್ಲಿದೆ, ಇಂದು ತಂದದ್ದನ್ನು ಅದರ ಪಕ್ಕದಲ್ಲಿಟ್ಟು ನೋಡಿದರೆ ಆಯಿತು. ಆದರೆ ಜಿಮೇಲ್ ತೆರೆದ ದಿನ ಯಾರೂ ಆಧಾರ್ ಕೊಟ್ಟಿಲ್ಲ. ಪಕ್ಕದಲ್ಲಿಟ್ಟು ನೋಡಲು ಗೂಗಲ್‌ನ ಬಳಿ ಏನೂ ಇಲ್ಲ. ನೀವು ಕಳಿಸಿದ ಕಾರ್ಡ್ ನೂರಕ್ಕೆ ನೂರು ಅಸಲಿಯೇ ಇರಬಹುದು. ಅದು ಹೇಳುವುದು ನೀವು ಯಾರು ಎಂದು, ಆ ಖಾತೆ ಯಾರದು ಎಂದಲ್ಲ. ಫಾರ್ಮ್ ಕೇಳುವ ಪ್ರಶ್ನೆ ಒಂದೇ: ಇಷ್ಟು ದಿನ ಈ ಖಾತೆಯನ್ನು ಬಳಸುತ್ತಿದ್ದವರೂ ಈಗ ಕೇಳುತ್ತಿರುವವರೂ ಒಬ್ಬರೇ ಹೌದೋ ಅಲ್ಲವೋ? ಪದೇ ಪದೇ ತಿರಸ್ಕಾರವಾಗುವುದಕ್ಕೆ ಮುಖ್ಯ ಕಾರಣ, ನಾವು ಈ ಪ್ರಶ್ನೆಗೆ ಉತ್ತರ ಕೊಡದೆ ಬೇರೆ ಪ್ರಶ್ನೆಗೆ ಉತ್ತರ ಕೊಡುತ್ತಿರುವುದು.

ಓದುವವರು ಮನುಷ್ಯರು ಎಂಬ ನಂಬಿಕೆಯೂ ನಿಲ್ಲುವುದಿಲ್ಲ. ಉಚಿತ ಗೂಗಲ್ ಖಾತೆಗೆ ಫೋನ್ ಮಾಡಿ ನೆರವು ಕೇಳುವ ದಾರಿಯೇ ಇಲ್ಲ, ಹಾಗೆ ನೆರವು ಕೊಡುತ್ತೇವೆನ್ನುವ ಯಾವ ಸಂಸ್ಥೆಯ ಜೊತೆಗೂ ತನಗೆ ಸಂಬಂಧವಿಲ್ಲ ಎಂದು ಕಂಪನಿಯೇ ತನ್ನ ಸಹಾಯ ಪುಟದಲ್ಲಿ ಬರೆದುಕೊಂಡಿದೆ. ಮೈಕ್ರೋಸಾಫ್ಟ್‌ನಲ್ಲಿ ಮಾತನಾಡಲು ಸಿಬ್ಬಂದಿ ಸಿಗಬಹುದು, ಆದರೆ ಖಾತೆ ಮರಳಿಸುವ ಫಾರ್ಮ್‌ನ ತೀರ್ಪನ್ನು ಬದಲಿಸುವ ಅಧಿಕಾರ ಅವರಿಗಿಲ್ಲ. ಇದನ್ನು ದರ್ಪ ಎನ್ನುವವರು 2012ರ ಆಗಸ್ಟ್‌ನಲ್ಲಿ ಅಮೆರಿಕದ ಪತ್ರಕರ್ತ ಮ್ಯಾಟ್ ಹೋನನ್‌ಗೆ ಆದದ್ದನ್ನು ನೋಡಬೇಕು. ಕಳ್ಳರು ಮೊದಲು ಅಮೆಜಾನ್‌ನ ಸಹಾಯವಾಣಿಗೆ ಕರೆ ಮಾಡಿ, ಹೋನನ್ ಹೆಸರಲ್ಲಿ ಮಾತನಾಡಿ, ಖಾತೆಯೊಳಗೆ ಹೊಕ್ಕು ಕ್ರೆಡಿಟ್ ಕಾರ್ಡಿನ ಕೊನೆಯ 4 ಅಂಕಿ ನೋಡಿಕೊಂಡರು. ಬಳಿಕ ಆ 4 ಅಂಕಿ ಮತ್ತು ವಿಳಾಸ ಇಷ್ಟನ್ನೇ ಹೇಳಿ ಆಪಲ್‌ನ ಸಿಬ್ಬಂದಿಯಿಂದ ಪಾಸ್‌ವರ್ಡ್ ಬದಲಿಸಿಕೊಂಡರು. ಹೋನನ್ ಅವರ ಫೋನ್, ಟ್ಯಾಬ್ಲೆಟ್, ಲ್ಯಾಪ್‌ಟಾಪ್ ಮೂರನ್ನೂ ದೂರದಿಂದಲೇ ಅಳಿಸಿಹಾಕಿದರು. ಇಲ್ಲಿ ಬೀಗ ಮುರಿದವರು ಯಾರೂ ಇಲ್ಲ. ಕಷ್ಟದಲ್ಲಿದ್ದಂತೆ ಕಂಡವರಿಗೆ ಸಹಾಯ ಮಾಡಲು ಹೋದ ಸಿಬ್ಬಂದಿಯೇ ಬಾಗಿಲು ತೆರೆದರು. ಫೋನಿನಲ್ಲಿ ಪಾಸ್‌ವರ್ಡ್ ಬದಲಿಸಿಕೊಡುವುದನ್ನು ಆಪಲ್ ಆ ಕೂಡಲೇ ತಾತ್ಕಾಲಿಕವಾಗಿ ನಿಲ್ಲಿಸಿತು. ಕಳ್ಳನೂ ಅಳುತ್ತಾನೆ, ಕಳ್ಳನೂ ತುರ್ತು ಎನ್ನುತ್ತಾನೆ ಎಂಬ ಕಾರಣಕ್ಕೆ ಕಂಪನಿಗಳು ನಿಮ್ಮ ಕಥೆಯನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಹಾಗಾದರೆ ಲೆಕ್ಕಕ್ಕೆ ಬರುವುದು ಯಾವುದು? ಕಂಪನಿಯ ದಾಖಲೆಯಲ್ಲಿ ಮೊದಲೇ ಇರಬೇಕು, ಹೊರಗಿನವರಿಗೆ ಸಿಗದಂತಿರಬೇಕು. ಈ ಎರಡೂ ಇದ್ದರೆ ಮಾತ್ರ ಅದು ಪುರಾವೆ. ಜನ್ಮದಿನ, ಹೆಸರು, ಊರು ಮೊದಲ ಪರೀಕ್ಷೆಯಲ್ಲಿ ಪಾಸಾದರೂ ಎರಡನೆಯದರಲ್ಲಿ ಬೀಳುತ್ತವೆ. ಹಿಂದೆಲ್ಲ ಇದ್ದ ‘ಗುಟ್ಟಿನ ಪ್ರಶ್ನೆ’ಗಳು ಮಾಯವಾದದ್ದೂ ಇದೇ ಕಾರಣಕ್ಕೆ. ಗೂಗಲ್‌ನ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಇಂಗ್ಲಿಷ್ ಬಳಕೆದಾರರ ‘ಇಷ್ಟದ ತಿಂಡಿ ಯಾವುದು’ ಎಂಬ ಪ್ರಶ್ನೆಗೆ ಅಪರಿಚಿತರು ಒಂದೇ ಊಹೆಯಲ್ಲಿ ಸರಿಯುತ್ತರ ಕೊಡುವ ಸಾಧ್ಯತೆ ಶೇ 19.7. ಇತ್ತ ಅಮೆರಿಕದ ಇಂಗ್ಲಿಷ್ ಬಳಕೆದಾರರಲ್ಲಿ ಶೇ 40ರಷ್ಟು ಮಂದಿಗೆ ತಾವೇ ಕೊಟ್ಟ ಉತ್ತರ ನೆನಪಾಗಲಿಲ್ಲ. ಬಂಟ್ವಾಳದವರಿಗೆ ಇದೇ ಪ್ರಶ್ನೆ ಕೇಳಿದ್ದರೆ ಕಳ್ಳನಿಗೆ ನೀರುದೋಸೆ, ಕೋರಿರೊಟ್ಟಿ ಎಂಬ ಎರಡು ಊಹೆಯೇ ಸಾಕಾಗುತ್ತಿತ್ತೇನೋ. ಈಗ ತೂಕ ಹೆಚ್ಚಿರುವುದು ನೀವು ಹೇಳದೆಯೇ ಕಾಣುವ ಸಂಗತಿಗಳಿಗೆ: ಈ ಖಾತೆ ಹಿಂದೆ ಇದೇ ಫೋನಿನಲ್ಲಿ, ಇದೇ ಬ್ರೌಸರಿನಲ್ಲಿ, ಇದೇ ಮನೆಯ ವೈಫೈಯಲ್ಲಿ ತೆರೆದಿತ್ತೇ ಎಂಬುದಕ್ಕೆ. ಅದರ ಜೊತೆಗೆ ಬರುವುದು ನೆನಪಿರುವ ಕೊನೆಯ ಪಾಸ್‌ವರ್ಡ್, ಮೊದಲೇ ದಾಖಲಾದ ಫೋನ್ ಅಥವಾ ಇಮೇಲ್‌ಗೆ ಹೋಗುವ ಕೋಡ್. ಮೈಕ್ರೋಸಾಫ್ಟ್‌ನ ಫಾರ್ಮ್ ಇನ್ನೂ ಒಳಕ್ಕಿಳಿಯುತ್ತದೆ. ಇತ್ತೀಚೆಗೆ ಕಳಿಸಿದ ಮೇಲ್‌ಗಳ ವಿಷಯದ ಸಾಲು, ಯಾರಿಗೆ ಕಳಿಸಿದಿರಿ, ನೀವು ಮಾಡಿಕೊಂಡ ಫೋಲ್ಡರ್‌ಗಳ ಹೆಸರು, ಹಳೆಯ ಪಾಸ್‌ವರ್ಡ್‌ಗಳು ಇವನ್ನೆಲ್ಲ ಕೇಳುತ್ತದೆ. ಬಳಸಿದವರಿಗಷ್ಟೇ ಗೊತ್ತಿರುವ ಇಂಥ ಚಿಲ್ಲರೆ ಸಂಗತಿಗಳಿಗೆ ಅಲ್ಲಿ ಪಾಸ್‌ಪೋರ್ಟಿಗಿಂತ ಬೆಲೆ ಹೆಚ್ಚು.

ಪಾಣೆಮಂಗಳೂರು ಬಳಿಯ ನರಿಕೊಂಬಿನಂಥ ಊರಿನ ಪರಿಸ್ಥಿತಿಗೆ ಇದನ್ನು ಹೊಂದಿಸಿ ನೋಡೋಣ. ಊರಿನಿಂದ ಕೊಲ್ಲಿ ದೇಶಕ್ಕೆ ದುಡಿಯಲು ಹೋದ ಒಬ್ಬರು ಇದ್ದಾರೆಂದು ಇಟ್ಟುಕೊಳ್ಳಿ. ಅವರ ಮೊದಲ ಸ್ಮಾರ್ಟ್‌ಫೋನ್ ಕೊಂಡದ್ದು ಬಿ.ಸಿ.ರೋಡಿನ ಒಂದು ಮೊಬೈಲ್ ಅಂಗಡಿಯಲ್ಲಿ. ಜಿಮೇಲ್ ಮಾಡಿಕೊಟ್ಟದ್ದೂ ಅಂಗಡಿಯವರೇ, ಪಾಸ್‌ವರ್ಡ್ ಹಾಕಿದ್ದೂ ಅವರೇ. ಹುಟ್ಟಿದ ದಿನ ಕೇಳಿದಲ್ಲಿ ಬೆರಳಿಗೆ ಸಿಕ್ಕಿದ ಜನವರಿ 1. ಮರುಪಡೆಯಲು ಕೊಟ್ಟದ್ದು ಊರಿನ ಪ್ರೀಪೇಯ್ಡ್ ಸಿಮ್‌ನ ಸಂಖ್ಯೆ. ದುಬೈಗೆ ಹೋದ ಮೇಲೆ ಆ ಸಿಮ್‌ಗೆ ರೀಚಾರ್ಜ್ ಆಗಲಿಲ್ಲ. ನಮ್ಮ ದೇಶದ ನಿಯಮದಂತೆ 90 ದಿನ ಬಳಕೆಯಿಲ್ಲದೆ, ಖಾತೆಯಲ್ಲಿ 20 ರೂಪಾಯಿಯೂ ಇಲ್ಲದ ಪ್ರೀಪೇಯ್ಡ್ ಸಂಖ್ಯೆಯನ್ನು ಕಂಪನಿ ಕಡಿತಗೊಳಿಸಬಹುದು. ಅದಾಗಿ ಮತ್ತೆ 90 ದಿನ ಕಳೆದರೆ ಬೇರೆಯವರಿಗೆ ಕೊಡಬಹುದು. ಹೊಸ ಫೋನ್ ಕೊಂಡಾಗ ಪಾಸ್‌ವರ್ಡ್ ಕೇಳಿತು, ಗೊತ್ತಿಲ್ಲ. ಅಲ್ಲಿಂದಲೇ ಫಾರ್ಮ್ ತುಂಬಿದರು. ಹೊಸ ಫೋನ್, ಹೊಸ ದೇಶ, ಹೊಸ ನೆಟ್‌ವರ್ಕ್, ಪಾಸ್‌ವರ್ಡ್ ಗೊತ್ತಿಲ್ಲ, ಕೋಡ್ ಹೋದದ್ದು ಸತ್ತ ನಂಬರಿಗೆ. ಯಂತ್ರದ ಕಣ್ಣಿಗೆ ಇದಕ್ಕೂ ಕಳ್ಳನ ಪ್ರಯತ್ನಕ್ಕೂ ಕೂದಲೆಳೆಯ ವ್ಯತ್ಯಾಸವೂ ಇಲ್ಲ. ಪರದೆಯ ಮೇಲೆ ಬಂದ ಉತ್ತರ: Google couldn't verify this account belongs to you. ಸಿಟ್ಟಿಗೆ ಮತ್ತೆ ಮತ್ತೆ ತುಂಬಿದರು, ಒಮ್ಮೆ ಗೆಳೆಯರ ಫೋನಿನಿಂದ, ಒಮ್ಮೆ ವಿಪಿಎನ್ ಹಾಕಿ. ಪ್ರತಿಸಲವೂ ಒಂದೊಂದು ಪಾಸ್‌ವರ್ಡ್ ಊಹಿಸಿದರು. ‘ಹತ್ತು ಸಲ ಹಾಕಿದರೆ ಹನ್ನೊಂದನೆಯದಕ್ಕೆ ಕೊಟ್ಟೇ ಕೊಡುತ್ತಾರೆ’ ಎಂಬ ನಂಬಿಕೆ ಇಲ್ಲಿ ನೇರವಾಗಿ ನಷ್ಟ ಮಾಡುತ್ತದೆ. ಜಾಗ ಬದಲಿಸುತ್ತ, ಉತ್ತರ ಬದಲಿಸುತ್ತ ಬರುವುದು ಊಹಿಸುವವರ ಲಕ್ಷಣ. ಸ್ವಲ್ಪ ಹೊತ್ತಿಗೆ ‘ತುಂಬಾ ಸಲ ಪ್ರಯತ್ನಿಸಿದ್ದೀರಿ, ಆಮೇಲೆ ಬನ್ನಿ’ ಎಂದು ಬಾಗಿಲು ಪೂರ್ತಿ ಮುಚ್ಚಿಕೊಳ್ಳುತ್ತದೆ.

ಇವರ ಖಾತೆ ಸಿಗುವ ಸಾಧ್ಯತೆ ಇರುವುದು ದುಬೈಯಲ್ಲಲ್ಲ, ನರಿಕೊಂಬಿನ ಮನೆಯ ಕಪಾಟಿನಲ್ಲಿ. ಗಾಜು ಒಡೆದಿದೆಯೆಂದು ಬಿಟ್ಟುಹೋದ ಹಳೆಯ ಫೋನ್ ಅಲ್ಲಿದ್ದು, ಅದರಲ್ಲಿ ಖಾತೆ ಇನ್ನೂ ಲಾಗಿನ್ ಆಗಿಯೇ ಇದ್ದರೆ, ಅದೇ ಅತಿ ದೊಡ್ಡ ಪುರಾವೆ. ಮನೆಯವರು ಅದನ್ನು ಚಾರ್ಜಿಗಿಟ್ಟು ಮನೆಯ ವೈಫೈಗೆ ಸೇರಿಸಬೇಕು. ಕೆಲವು ದಿನ ಬೇರೆ ಪ್ರಯತ್ನಗಳನ್ನೆಲ್ಲ ನಿಲ್ಲಿಸಿ, ರಜೆಯಲ್ಲಿ ಬಂದಾಗ ಆ ಫೋನಿನಿಂದಲೇ, ಆ ಮನೆಯಿಂದಲೇ g.co/recover ತೆರೆದು ಒಂದೇ ಸಲ ಸಾವಧಾನವಾಗಿ ತುಂಬುವುದು ಸರಿಯಾದ ಕ್ರಮ. ಗೊತ್ತಿಲ್ಲದ ಪ್ರಶ್ನೆಯನ್ನು ಖಾಲಿ ಬಿಡುವುದಕ್ಕಿಂತ ಅಂದಾಜಿನ ಉತ್ತರ ಮೇಲು ಎಂದು ಗೂಗಲ್ ಹೇಳುತ್ತದೆ. ಹಳೆಯ ಪಾಸ್‌ವರ್ಡ್ ಪೂರ್ತಿ ನೆನಪಿಲ್ಲದಿದ್ದರೆ ಅದಕ್ಕೆ ಅತಿ ಹತ್ತಿರವಾದದ್ದನ್ನು ಬರೆಯಬೇಕು. ಜನ್ಮದಿನ ಕೇಳಿದಲ್ಲಿ ಆಧಾರ್‌ನಲ್ಲಿರುವ ನಿಜವಾದದ್ದನ್ನು ಬರೆದರೆ ಇಲ್ಲಿ ತಪ್ಪಾಗುತ್ತದೆ ಎಂಬುದೊಂದು ತಮಾಷೆ. ದಾಖಲೆಯಲ್ಲಿರುವುದು ಅಂಗಡಿಯವರು ಹಾಕಿದ ಜನವರಿ 1. ಆ ಫೋನನ್ನು ಅಷ್ಟರಲ್ಲಿ ಯಾರಾದರೂ ‘ರೀಸೆಟ್’ ಮಾಡಿದ್ದರೆ ಅಥವಾ ಎಕ್ಸ್‌ಚೇಂಜ್‌ಗೆ ಕೊಟ್ಟಿದ್ದರೆ, ನೇರವಾಗಿ ಹೇಳುವುದಾದರೆ, ಖಾತೆ ಬಹುಶಃ ಹೋಯಿತು.

ಫೇಸ್‌ಬುಕ್ ಮತ್ತು ಇನ್‌ಸ್ಟಾಗ್ರಾಮ್ ಗುರುತಿನ ಚೀಟಿಯನ್ನೋ ಮುಖದ ವಿಡಿಯೊವನ್ನೋ ಕೇಳುತ್ತವಲ್ಲ ಎಂದು ಯಾರಾದರೂ ಆಕ್ಷೇಪಿಸಬಹುದು. ಕೇಳುತ್ತವೆ, ಆದರೆ ಅಲ್ಲಿಯೂ ಅದನ್ನು ಖಾತೆಯೊಳಗಿರುವುದರ ಜೊತೆಗೇ ಹೋಲಿಸುತ್ತವೆ. ಚೀಟಿಯ ಹೆಸರು ಮತ್ತು ಜನ್ಮದಿನ, ಇಲ್ಲವೇ ಹೆಸರು ಮತ್ತು ಫೋಟೊ ಪ್ರೊಫೈಲಿನೊಂದಿಗೆ ತಾಳೆಯಾಗಬೇಕು. ಮನೆಯಲ್ಲಿ ಕರೆಯುವ ಹೆಸರಿಟ್ಟು, ಪ್ರೊಫೈಲಿಗೆ ಯಕ್ಷಗಾನದ ಕಿರೀಟವೇಷದ ಚಿತ್ರ ಹಾಕಿ, ತಮ್ಮ ಮುಖದ ಒಂದು ಫೋಟೊವೂ ಇಲ್ಲದೆ ಖಾತೆ ನಡೆಸುವವರು ನಮ್ಮ ಕಡೆ ಕಡಿಮೆಯಿಲ್ಲ. ಅಂಥವರ ಅಸಲಿ ಚೀಟಿಯೂ ಅಸಲಿ ಮುಖವೂ ತಾಳೆಯಾಗಲು ಅಲ್ಲಿ ಏನೂ ಸಿಗುವುದಿಲ್ಲ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ. ದಾಖಲೆಗೆ ತಾಳೆಯಾಗಬೇಕು ಎಂದಾದರೆ, ಕಳ್ಳ ಒಳಹೊಕ್ಕ ಕೂಡಲೇ ಫೋನ್ ಸಂಖ್ಯೆ, ಇಮೇಲ್ ಬದಲಿಸಿಬಿಡುತ್ತಾನಲ್ಲ, ಆಮೇಲೆ ದಾಖಲೆಯೇ ಅವನ ಪರ ಆಗುವುದಿಲ್ಲವೇ? ಮಾತು ನಿಜ, ಅದಕ್ಕೇ ಕಂಪನಿಗಳು ಹಳೆಯ ವಿವರಕ್ಕೆ ಸ್ವಲ್ಪ ಕಾಲ ಜೀವ ಉಳಿಸಿಡುತ್ತವೆ. ಗೂಗಲ್‌ನಲ್ಲಿ ಮರುಪಡೆಯುವ ಸಂಖ್ಯೆ ಅಥವಾ ಇಮೇಲ್ ಬದಲಾದ ಬಳಿಕ 7 ದಿನಗಳವರೆಗೆ ಹಳೆಯದರಿಂದಲೂ ಖಾತೆ ಹಿಂಪಡೆಯಲು ಸಾಧ್ಯವಾಗಬಹುದು. ಇನ್‌ಸ್ಟಾಗ್ರಾಮ್‌ನಲ್ಲಿ ಇಮೇಲ್ ಬದಲಾದಾಗ ಹಳೆಯ ವಿಳಾಸಕ್ಕೆ security@mail.instagram.com ನಿಂದ ಸಂದೇಶ ಬರುತ್ತದೆ, ಬದಲಾವಣೆಯನ್ನು ರದ್ದು ಮಾಡುವ ಕೊಂಡಿ ಅದರಲ್ಲಿರುತ್ತದೆ. ಹೆಚ್ಚಿನವರು ಈ ಮೊದಲ ವಾರವನ್ನು ಕಳೆಯುವುದು ಠಾಣೆಯ ದೂರಿನ ಪ್ರತಿ ಹಿಡಿದುಕೊಂಡು. ಹಣ ಹೋಗಿದ್ದರೆ 1930ಕ್ಕೆ ಕರೆ ಮಾಡಲೇಬೇಕು, ದೂರು ಕೊಡಲೇಬೇಕು. ಆದರೆ ದೂರಿನ ಪ್ರತಿಯಿಂದ ಫಾರ್ಮ್ ಪಾಸಾಗುವುದಿಲ್ಲ. ಅದೇ ವಾರದಲ್ಲಿ ‘500 ರೂಪಾಯಿ ಕೊಡಿ, ನಾವು ತೆಗೆಸಿಕೊಡುತ್ತೇವೆ’ ಎಂದು ಬರುವವರ ಕೈಯಲ್ಲಿಯೂ ಯಾವ ಕೀಲಿಯೂ ಇಲ್ಲ. ಅವರು ಕೇಳುವ ಓಟಿಪಿ ಮಾತ್ರ ನಿಮ್ಮ ಇನ್ನೊಂದು ಖಾತೆಯ ಕೀಲಿ.

ಯಂತ್ರ ಹೇಳಿದ್ದೇ ಕೊನೆಯ ಮಾತೇ ಎಂದರೆ, ಕಾನೂನಿನ ಮಟ್ಟಿಗೆ ಅಲ್ಲ. ಖಾತೆ ತಪ್ಪಾಗಿ ಕಳ್ಳರ ಕೈಗೆ ಹೋದರೆ ಕಂಪನಿಗೆ ಕೆಟ್ಟ ಹೆಸರು, ನಿಜವಾದ ಒಡೆಯರನ್ನು ಹೊರಗಿಟ್ಟರೆ ಅದಕ್ಕೆ ನಷ್ಟವೇನೂ ಇಲ್ಲ. ತಕ್ಕಡಿ ಒಂದು ಕಡೆಗೆ ವಾಲಿರುವುದು ಅನ್ಯಾಯವೇ ಸರಿ. ನಮ್ಮಲ್ಲಿ 2021ರ ಮಾಹಿತಿ ತಂತ್ರಜ್ಞಾನ ನಿಯಮಗಳ ಪ್ರಕಾರ ಇಂಥ ಕಂಪನಿಗಳಿಗೆ ಕುಂದುಕೊರತೆ ಅಧಿಕಾರಿ ಇರಬೇಕು, ದೂರು ತಲುಪಿದ್ದನ್ನು 24 ಗಂಟೆಯೊಳಗೆ ತಿಳಿಸಬೇಕು. ಅವರ ಉತ್ತರ ಒಪ್ಪಿಗೆಯಾಗದಿದ್ದರೆ 2023ರಲ್ಲಿ ರಚನೆಯಾದ ಕುಂದುಕೊರತೆ ಮೇಲ್ಮನವಿ ಸಮಿತಿಗೆ gac.gov.in ಮೂಲಕ ಶುಲ್ಕವಿಲ್ಲದೆ ಹೋಗಬಹುದು. ಅಲ್ಲಿಯೂ ಖಾತೆ ನಿಮ್ಮದೆಂದು ತೋರಿಸುವ ಹೊರೆ ನಿಮ್ಮ ಮೇಲೆಯೇ. ಹಾಗಾಗಿ ಹಳೆಯ ಲಾಗಿನ್ ಸೂಚನೆಯ ಮೇಲ್‌ಗಳು, ಖಾತೆಯಿಂದ ಹಣ ಕಟ್ಟಿದ ರಸೀದಿ, ತಿರಸ್ಕಾರದ ಉತ್ತರಗಳು ಇವನ್ನೆಲ್ಲ ದಿನಾಂಕ ಸಮೇತ ಜೋಡಿಸಿಟ್ಟುಕೊಳ್ಳಿ. ಅಧಿಕಾರಿಯ ಉತ್ತರ ಕೈಸೇರಿದ ದಿನದಿಂದ ಮೇಲ್ಮನವಿಗೆ ಇರುವ ಅವಧಿ 30 ದಿನ.