ಕೊಬ್ಬಿನ ಗಡ್ಡೆ ಕೆಂಪಾಗುವುದಿಲ್ಲ

ವರ್ಷಗಟ್ಟಲೆ ಸುಮ್ಮನಿದ್ದ ಗಂಟೊಂದು ಎರಡು ಮೂರು ದಿನದಲ್ಲೇ ಕೆಂಪೇರಿ, ಅಂಗಿ ತಾಗಿದರೂ ನೋಯುವಂತಾದಾಗ ಜನ ವೈದ್ಯರ ಹತ್ತಿರ ಹೇಳುವ ಮಾತು ಹೆಚ್ಚುಕಡಿಮೆ ಒಂದೇ: "ಕೊಬ್ಬಿನ ಗಡ್ಡೆ ಇತ್ತು ಡಾಕ್ಟ್ರೇ, ಈಗ ಕೀವಾಗಿದೆ." ಕೀವಾಗಿರಬಹುದು. ಆದರೆ ಅದು ಕೊಬ್ಬಿನ ಗಡ್ಡೆಯಾಗಿತ್ತು ಎಂಬುದು ಸಾಮಾನ್ಯವಾಗಿ ತಪ್ಪು ಲೆಕ್ಕ. ಲೈಪೋಮಾ ಎನ್ನುವ ಕೊಬ್ಬಿನ ಗಡ್ಡೆ ಹೀಗೆ ಕೆರಳುವುದು ತೀರಾ ಅಪರೂಪ. ಕೆರಳಿದ್ದು ಮೊದಲಿನಿಂದಲೂ ಸಿಸ್ಟ್ ಆಗಿರುವ ಸಂಭವವೇ ಜಾಸ್ತಿ.

ಐವತ್ತರ ಆಸುಪಾಸಿನ ಅಂಗಡಿಯವರೊಬ್ಬರ ಬೆನ್ನಲ್ಲಿ ಎರಡೂ ಇವೆ ಎಂದುಕೊಳ್ಳಿ. ಬಲ ಹೆಗಲ ಹಿಂದಿನ ಗಂಟು ಹತ್ತು ವರ್ಷದ ಹಿಂದೆ ಅಡಿಕೆಯಷ್ಟಿತ್ತು, ಈಗ ನಿಂಬೆಹಣ್ಣಿನಷ್ಟಾಗಿದೆ. ನೋವಿಲ್ಲ. ಮೇಲಿನ ಚರ್ಮ ಸುತ್ತಲಿನ ಚರ್ಮದಂತೆಯೇ ಇದೆ, ಅದನ್ನು ಬೆರಳಲ್ಲಿ ಹಿಡಿದೆತ್ತಿದರೆ ಗಂಟಿನಿಂದ ಬಿಟ್ಟುಕೊಂಡು ಮೇಲೆ ಬರುತ್ತದೆ. ಗಂಟಿನ ಅಂಚನ್ನು ಮೆಲ್ಲಗೆ ಒತ್ತಿದರೆ ಅದು ಬೆರಳಿನಡಿಯಿಂದ ಜಾರಿಕೊಳ್ಳುತ್ತದೆ. ವೈದ್ಯರು ಮೊದಲು ನೋಡುವುದೇ ಈ ಜಾರುವಿಕೆಯನ್ನು. ಚರ್ಮದ ಕೆಳಗಿನ ಕೊಬ್ಬಿನ ಪದರದಲ್ಲಿ ಕೊಬ್ಬಿನ ಕೋಶಗಳೇ ಸೇರಿ ತೆಳು ಪೊರೆಯೊಳಗೆ ಬೆಳೆದದ್ದು ಲೈಪೋಮಾ. ಚರ್ಮಕ್ಕೆ ಅದರ ಹಂಗಿಲ್ಲ. ಮೈ ತೂಕ ಇಳಿಸಿದರೆ ಅದೂ ಕರಗೀತು ಎಂದು ಕಾಯುವವರಿದ್ದಾರೆ, ಕರಗುವುದಿಲ್ಲ.

ಎರಡನೆಯ ಗಂಟು ಬೆನ್ನಿನ ನಡುವೆ, ಬಟಾಣಿಗಿಂತ ತುಸು ದೊಡ್ಡದು. ಇದು ಚರ್ಮದ ಜೊತೆಗೇ ಸರಿದಾಡುತ್ತದೆ, ಏಕೆಂದರೆ ಚರ್ಮಕ್ಕೆ ಅಂಟಿಕೊಂಡಿದೆ. ಬೆಳಕಿಗೆ ಹಿಡಿದು ನೋಡಿದರೆ ನೆತ್ತಿಯಲ್ಲಿ ಕರಿ ಚುಕ್ಕೆಯಂಥ ಸಣ್ಣ ರಂಧ್ರ ಕಾಣುತ್ತದೆ. ಎಲ್ಲ ಸಿಸ್ಟ್‌ಗಳಲ್ಲೂ ಅದು ಕಾಣುವುದಿಲ್ಲ, ಆದರೆ ಕಂಡರೆ ಲೈಪೋಮಾ ಅಲ್ಲ ಎಂದು ಬಹುಮಟ್ಟಿಗೆ ಧೈರ್ಯವಾಗಿ ಹೇಳಬಹುದು. ಯಾವಾಗಲೋ ಒಮ್ಮೆ ಹೆಂಡತಿ ಹಿಸುಕಿದಾಗ ಬೆಳ್ಳಗಿನ, ನಾರುವ ಮುದ್ದೆ ಬಂದಿತ್ತಂತೆ. ಅದು ಕೀವಲ್ಲ, ಕೊಬ್ಬೂ ಅಲ್ಲ: ಕೆರಾಟಿನ್, ಚರ್ಮ ಸದಾ ಉದುರಿಸುವ ಹೊಟ್ಟಿನದೇ ವಸ್ತು. ಚರ್ಮದ ಮೇಲ್ಪದರದ ಒಂದು ಚೂರು ಒಳಗೆ ಚೀಲವಾಗಿ ಸಿಕ್ಕಿಬಿದ್ದು, ಉದುರಿದ್ದೆಲ್ಲ ಹೊರಹೋಗಲು ದಾರಿಯಿಲ್ಲದೆ ಅಲ್ಲೇ ತುಂಬಿಕೊಂಡಿರುತ್ತದೆ.

ಕೆರಳುವುದು ಈ ಚೀಲ ಒಡೆದಾಗ. ಹಿಸುಕಿದ್ದರಿಂದಲೋ, ಕುರ್ಚಿಯ ಬೆನ್ನಿಗೆ ಉಜ್ಜಿದ್ದರಿಂದಲೋ ಗೋಡೆ ಹರಿದು ಕೆರಾಟಿನ್ ಸುತ್ತಲಿನ ಚರ್ಮಕ್ಕೆ ಸೋರುತ್ತದೆ. ದೇಹ ಅದನ್ನು ಹೊರಗಿನ ವಸ್ತುವೆಂದೇ ಎಣಿಸಿ ಮೇಲೆ ಬೀಳುತ್ತದೆ. ಊತ, ಕೆಂಪು, ಬಿಸಿ, ನೋವು ಎಲ್ಲ ಬಂದರೂ ಅನೇಕ ಸಲ ಅಲ್ಲಿ ಸೋಂಕೇ ಇರುವುದಿಲ್ಲ. ಆದ್ದರಿಂದ ಗಂಟು ಕೆಂಪಾಯಿತೆಂದು ಮೆಡಿಕಲ್ ಶಾಪಿನಿಂದ ತಂದು ನುಂಗುವ ಆ್ಯಂಟಿಬಯಾಟಿಕ್ ಹಲವರಿಗೆ ಏನೂ ಮಾಡುವುದಿಲ್ಲ. ಕೆಂಪು ತಾನಾಗಿ ಇಳಿದಾಗ ಹೆಸರು ಮಾತ್ರ ಮಾತ್ರೆಗೆ ಬರುತ್ತದೆ.

ಕುರುವಿನ ಕಥೆ ಬೇರೆ. ಅಲ್ಲಿ ಬ್ಯಾಕ್ಟೀರಿಯಾ ನುಗ್ಗಿ ನಿಜವಾಗಿಯೇ ಕೀವು ಕಟ್ಟಿರುತ್ತದೆ. ಹಿಂದೆ ಯಾವ ಗಂಟೂ ಇಲ್ಲದ ಜಾಗದಲ್ಲೂ ಕೆಲವೇ ದಿನದಲ್ಲಿ ಏಳುತ್ತದೆ, ಕೆರಳಿದ ಸಿಸ್ಟ್‌ಗೆ ಸೋಂಕು ತಗುಲಿಯೂ ಆಗಬಹುದು. ನೋವು ಮಿಡಿಯುತ್ತದೆ, ನಡುವೆ ಮೆತ್ತಗಾಗಿ, ಒತ್ತಿದರೆ ಒಳಗೆ ದ್ರವ ಅಲುಗಿದಂತೆ ತಿಳಿಯುತ್ತದೆ. ಕಟ್ಟಿದ ಕೀವಿಗೆ ಮದ್ದು ಎಂದರೆ ಸೀಳಿ ಹೊರಬಿಡುವುದು, ಮಾತ್ರೆ ಅದಕ್ಕೆ ಪರ್ಯಾಯವಲ್ಲ. ಜ್ವರ ಬಂದರೆ, ಕೆಂಪು ಹರಡುತ್ತಿದ್ದರೆ, ಸಕ್ಕರೆ ಕಾಯಿಲೆ ಇದ್ದರೆ ಅದೇ ದಿನ ತೋರಿಸಬೇಕು.

ನಮ್ಮ ಅಂಗಡಿಯವರ ನಡುಬೆನ್ನಿನ ಗಂಟು ಕೆಂಪಾಯಿತು ಎನ್ನೋಣ. ಕೀವು ಕಟ್ಟಿದ್ದರೆ ಸರ್ಜನ್ ಸೀಳಿ ಬಿಡುತ್ತಾರೆ, ಇಲ್ಲವಾದರೆ ಬಿಸಿನೀರಿನ ಶಾಖ ಕೊಟ್ಟುಕೊಳ್ಳಲು ಹೇಳಿ ಕಳಿಸುತ್ತಾರೆ. ಎರಡರಲ್ಲೂ ಸಿಸ್ಟನ್ನು ಅಂದೇ ಕಿತ್ತುಹಾಕಲು ಹೋಗುವುದಿಲ್ಲ. ಊತದಲ್ಲಿ ಚೀಲದ ಗೋಡೆ ಚಿಂದಿಯಾಗಿರುತ್ತದೆ, ಒಂದು ಚೂರು ಉಳಿದರೂ ಗಂಟು ಮತ್ತೆ ತುಂಬಿಕೊಳ್ಳುತ್ತದೆ. ನಾಲ್ಕಾರು ವಾರ ಬಿಟ್ಟು, ಜಾಗ ತಣ್ಣಗಾದ ಮೇಲೆ ಚೀಲ ಸಮೇತ ತೆಗೆಯುವುದು ಸರಿಯಾದ ಕ್ರಮ. "ಒಮ್ಮೆ ಕೊಯ್ಸಿದ್ದೆ, ಮತ್ತೆ ಬಂತು" ಎನ್ನುವವರಲ್ಲಿ ಬಹಳ ಜನರಿಗೆ ಆಗಿರುವುದು ಕೀವು ಬಿಟ್ಟದ್ದಷ್ಟೇ.

ಹೆಗಲ ಮೇಲಿನ ಲೈಪೋಮಾ ತೊಂದರೆ ಕೊಡದಿದ್ದರೆ ಹಾಗೇ ಇರಲಿ. ಚೀಲದ ಪಟ್ಟಿ ಉಜ್ಜುತ್ತದೆ, ನೋಡಲು ಮುಜುಗರ ಎಂದರೆ ಅಲ್ಲಿಗಷ್ಟೇ ಮರಗಟ್ಟುವ ಚುಚ್ಚುಮದ್ದು ಕೊಟ್ಟು ತೆಗೆಯುತ್ತಾರೆ, ಸಾಮಾನ್ಯವಾಗಿ ಅದೇ ದಿನ ಮನೆಗೆ ಹೋಗಬಹುದು. ಆದರೆ ಗಂಟು 5 ಸೆಂ.ಮೀ. ದಾಟಿದ್ದರೆ, ಕೆಲವೇ ತಿಂಗಳಲ್ಲಿ ಬೇಗ ದೊಡ್ಡದಾಗಿದ್ದರೆ, ಗಟ್ಟಿಯಾಗಿ ಸ್ನಾಯುವಿಗೆ ಅಂಟಿಕೊಂಡಂತಿದ್ದರೆ ಅಥವಾ ತೆಗೆದ ಜಾಗದಲ್ಲೇ ಮತ್ತೆ ಬಂದಿದ್ದರೆ ಬೆರಳ ಪರೀಕ್ಷೆಯನ್ನಷ್ಟೇ ನಂಬುವಂತಿಲ್ಲ. ಅಪರೂಪಕ್ಕೆ ಕೊಬ್ಬಿನ ಕ್ಯಾನ್ಸರ್ ಕೂಡ ಹೀಗೆಯೇ, ನೋವಿಲ್ಲದೆ ಬೆಳೆಯುತ್ತದೆ. ಅಲ್ಟ್ರಾಸೌಂಡ್, ಬೇಕಾದರೆ ಎಂ.ಆರ್.ಐ., ಅನುಮಾನ ಉಳಿದರೆ ಬಯಾಪ್ಸಿ ಆದ ಮೇಲೆಯೇ ಅಂಥದಕ್ಕೆ ಕತ್ತರಿ ಹಾಕಬೇಕು.